ತಿಂಗಳು ನುಂಗುವ ಲೆಕ್ಕ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವವರ ಕಾಗದಪತ್ರ ತಾಳೆ ನೋಡುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ರೆಸ್ಯೂಮಿನಲ್ಲಿ ಬರೆದ ತಾರೀಖುಗಳು ಒಂದಕ್ಕೊಂದು ಹೊಂದುತ್ತವೆಯೇ, ಮೇಲೆ ಬರೆದ ‘ಒಟ್ಟು ಅನುಭವ’ ಕೆಳಗಿನ ಕೆಲಸಗಳಿಂದ ಹೊರಡುತ್ತದೆಯೇ, ನಡುವೆ ಗ್ಯಾಪ್ ಇದೆಯೇ, ಒಂದು ಕೆಲಸದ ಮೇಲೆ ಇನ್ನೊಂದು ಹತ್ತಿಕೊಂಡಿದೆಯೇ ಎಂದು ನೋಡುವುದು ಅದರ ಮುಖ್ಯ ಭಾಗ. ಈ ತಾಳೆ ಬೇಕೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಮ್ಮಲ್ಲಿ ಅದು ನಡೆಯುವ ರೀತಿಯಲ್ಲಿ ದೊಡ್ಡ ದೋಷವಿದೆ. ತಿಂಗಳ ಲೆಕ್ಕದಲ್ಲಿ ಕೂಡಿ ಕಳೆದು ಬಂದ ಉತ್ತರವನ್ನು ಮನುಷ್ಯನ ಪ್ರಾಮಾಣಿಕತೆಯ ಅಳತೆ ಎಂದು ತಿಳಿಯುತ್ತೇವೆ. ಆ ಲೆಕ್ಕ ಇಲ್ಲದ ಓವರ್‌ಲ್ಯಾಪನ್ನು ಹುಟ್ಟಿಸುತ್ತದೆ, ಇರುವ ಗ್ಯಾಪನ್ನು ನುಂಗುತ್ತದೆ.

ಕೈಗೆ ಬಂದಿದ್ದ ಒಂದು ರೆಸ್ಯೂಮನ್ನೇ ನೋಡೋಣ. ಹೆಸರು, ಕಂಪನಿ ಬಿಟ್ಟು ತಾರೀಖುಗಳನ್ನಷ್ಟೇ ಹೇಳುತ್ತೇನೆ. ಟೆಸ್ಟಿಂಗ್ ಕೆಲಸದವರು, ತಲೆಬರಹದಲ್ಲಿ ‘10+ ವರ್ಷ’ ಎಂದಿತ್ತು. ಮೊದಲ ಕೆಲಸ ಜೂನ್ 2014ರಿಂದ ಆಗಸ್ಟ್ 2016. ಎರಡನೆಯದು ಆಗಸ್ಟ್ 2016ರಿಂದ ನವೆಂಬರ್ 2019. ಮೂರನೆಯದು ಅಕ್ಟೋಬರ್ 2019ರಿಂದ ಮಾರ್ಚ್ 2022. ನಾಲ್ಕನೆಯದು ಸೆಪ್ಟೆಂಬರ್ 2022ರಿಂದ ಇಲ್ಲಿಯವರೆಗೆ. ತಾಳೆ ನೋಡಿದ್ದು 2025ರ ಮಾರ್ಚ್ ಕೊನೆಗೆ.

ಮೊದಲು ಸೇರಿದ ತಿಂಗಳು, ಬಿಟ್ಟ ತಿಂಗಳು ಎರಡನ್ನೂ ಸೇರಿಸಿ ಎಣಿಸಿದೆವು. 27, 40, 30, 31. ಕೂಡಿದರೆ 128 ತಿಂಗಳು, ಅಂದರೆ 10 ವರ್ಷ 8 ತಿಂಗಳು. ಆದರೆ ಜೂನ್ 2014ರಿಂದ ಮಾರ್ಚ್ 2025ರವರೆಗೆ ಇರುವುದೇ 130 ತಿಂಗಳು. ಅದರಲ್ಲಿ ಏಪ್ರಿಲ್‌ನಿಂದ ಆಗಸ್ಟ್ 2022ರವರೆಗೆ 5 ತಿಂಗಳು ಖಾಲಿ. ಉಳಿಯಬೇಕಾದದ್ದು 125. ಹಾಗಾದರೆ ಆ ಹೆಚ್ಚಿನ 3 ತಿಂಗಳು ಎಲ್ಲಿಂದ ಬಂದವು? 2016ರ ಆಗಸ್ಟ್ ಎರಡು ಕೆಲಸಗಳಲ್ಲೂ ಎಣಿಕೆಗೆ ಬಂದಿದೆ, 2019ರ ಅಕ್ಟೋಬರ್ ಮತ್ತು ನವೆಂಬರ್ ಕೂಡ. ಒಬ್ಬ ಮನುಷ್ಯನ ಒಂದು ತಿಂಗಳನ್ನು ಎರಡು ಸಲ ಎಣಿಸಬಾರದು. ಕೆಲಸಗಳ ಅವಧಿಯನ್ನು ಕೂಡಿದರೆ ಅನುಭವ ಸಿಗುವುದಿಲ್ಲ. ಎಲ್ಲ ಅವಧಿಗಳನ್ನೂ ಒಂದೇ ಗೆರೆಯ ಮೇಲೆ ಹಾಸಿ, ಗೆರೆ ಎಷ್ಟು ಮುಚ್ಚಿತು ಎಂದು ನೋಡಬೇಕು.

ವರದಿಯಲ್ಲಿ ಆಗ ಬರೆದದ್ದು ಹೀಗೆ: ಎರಡು ಕಡೆ ಓವರ್‌ಲ್ಯಾಪ್, 5 ತಿಂಗಳ ಗ್ಯಾಪ್, ಒಟ್ಟು ಅನುಭವ ಹೊಂದುತ್ತಿಲ್ಲ. ಓದಿದವರಿಗೆ ಏನನ್ನಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ರಿಲೀವಿಂಗ್ ಲೆಟರ್‌ಗಳನ್ನು ತರಿಸಿ ದಿನಗಳನ್ನು ಬರೆದುಕೊಂಡೆವು. ಮೊದಲ ಕೆಲಸ 16 ಜೂನ್ 2014ರಿಂದ 5 ಆಗಸ್ಟ್ 2016. ಎರಡನೆಯದು 8 ಆಗಸ್ಟ್ 2016ರಿಂದ 8 ನವೆಂಬರ್ 2019. ಮೂರನೆಯದು 14 ಅಕ್ಟೋಬರ್ 2019ರಿಂದ 4 ಮಾರ್ಚ್ 2022. ನಾಲ್ಕನೆಯದಕ್ಕೆ ಸೇರಿದ್ದು 19 ಸೆಪ್ಟೆಂಬರ್ 2022. ಎಕ್ಸೆಲ್‌ನ B ಕಾಲಮಿನಲ್ಲಿ ಸೇರಿದ ದಿನ, C ಕಾಲಮಿನಲ್ಲಿ ಬಿಟ್ಟ ದಿನ, ಸೇರಿದ ದಿನದ ಕ್ರಮದಲ್ಲಿ ಮೇಲಿನಿಂದ ಕೆಳಗೆ. ಮೂರನೇ ಸಾಲಿಗೆ ಈ ಸೂತ್ರ ಹಾಕಿ ಕೆಳಗೆ ಎಳೆದರೆ ಸಾಕು:

```
=B3-MAX(C$2:C2)-1
```

ಉತ್ತರ ಸೊನ್ನೆ ಬಂದರೆ ಕೆಲಸ ಬಿಟ್ಟ ಮರುದಿನವೇ ಸೇರಿದ್ದಾರೆ. ಅದಕ್ಕಿಂತ ಹೆಚ್ಚು ಬಂದರೆ ಅಷ್ಟು ದಿನ ಗ್ಯಾಪ್, ಋಣ ಸಂಖ್ಯೆ ಬಂದರೆ ಓವರ್‌ಲ್ಯಾಪ್, ಒಂದು ಕೆಲಸ ಇನ್ನೊಂದರೊಳಗೇ ಮುಗಿದಿಲ್ಲದಿದ್ದರೆ ಅಷ್ಟೇ ದಿನ. `MAX` ಯಾಕೆ ಬೇಕೆಂದರೆ, ಒಂದು ದೀರ್ಘ ಕೆಲಸದ ಹೊಟ್ಟೆಯೊಳಗೇ ಆರು ತಿಂಗಳ ಇನ್ನೊಂದು ಕೆಲಸ ಇರಬಹುದು, ಉದಾಹರಣೆಗೆ ಸಂಜೆ ಕಾಲೇಜಿನ ಪಾಠ. ಹಿಂದಿನ ಒಂದೇ ಸಾಲಿನ ಜೊತೆ ಹೋಲಿಸಿದರೆ ಆ ಸಣ್ಣ ಕೆಲಸ ಮುಗಿದ ದಿನದಿಂದ ಗ್ಯಾಪ್ ಶುರುವಾದಂತೆ ಕಾಣುತ್ತದೆ, ದೊಡ್ಡ ಕೆಲಸ ಇನ್ನೂ ನಡೆಯುತ್ತಿದ್ದರೂ.

ನಮ್ಮ ರೆಸ್ಯೂಮಿಗೆ ಬಂದ ಉತ್ತರಗಳು 2, -26, 198.

ಮೊದಲ ‘ಓವರ್‌ಲ್ಯಾಪ್’ ಹೀಗೆ ಮಾಯವಾಯಿತು. ಶುಕ್ರವಾರ ಬಿಟ್ಟು ಸೋಮವಾರ ಸೇರಿದ್ದಾರೆ, ನಡುವೆ ಶನಿವಾರ, ಭಾನುವಾರ. ಎರಡು ಕೆಲಸಗಳಿಗೂ ‘ಆಗಸ್ಟ್’ ಎಂದು ಬರೆದದ್ದರಿಂದ ಮಾತ್ರ ಅದು ಹುಟ್ಟಿತ್ತು. ಎರಡನೆಯದು ನಿಜವಾದ ಓವರ್‌ಲ್ಯಾಪ್, 26 ದಿನ. ವಿಚಾರಿಸಿದಾಗ ತಿಳಿಯಿತು: ಅವರು ಕೊನೆಯದಾಗಿ ಕೆಲಸ ಮಾಡಿದ್ದು ಅಕ್ಟೋಬರ್ 11, ಶುಕ್ರವಾರ. ಉಳಿದಿದ್ದ 28 ದಿನಗಳ ಗಳಿಕೆ ರಜೆಯನ್ನು ನೋಟಿಸ್ ಪೀರಿಯಡ್‌ಗೆ ಹೊಂದಿಸಿದ್ದರಿಂದ ಕಾಗದದ ಮೇಲೆ ಬಿಡುಗಡೆಯಾದದ್ದು ನವೆಂಬರ್ 8ಕ್ಕೆ. ಅಷ್ಟರಲ್ಲಿ ಹೊಸ ಕಂಪನಿಯಲ್ಲಿ ಸೋಮವಾರದಿಂದಲೇ ಕೆಲಸ ಶುರುವಾಗಿತ್ತು. ಇದು ಸರಿಯೇ? ರಜೆಯಲ್ಲಿದ್ದರೂ ಹಾಜರಿ ಪುಸ್ತಕದಲ್ಲಿ ಹೆಸರಿರುವ ತನಕ ಆತ ಹಳೆಯ ಕಂಪನಿಯ ನೌಕರನೇ, ಒಪ್ಪಂದದಲ್ಲಿ ಬೇರೆ ಕಡೆ ದುಡಿಯಬಾರದೆಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ವರದಿಯಲ್ಲಿ ಅದು ಕಾಣಲೇಬೇಕು. ಆದರೆ ಗುಟ್ಟಾಗಿ ಎರಡು ಸಂಬಳದ ಎರಡು ಕೆಲಸ ಮಾಡಿದವನಿಗೂ ರಜೆ ಹೊಂದಿಸಿಕೊಂಡು ಮೂರೂವರೆ ವಾರ ಮುಂಚೆ ಸೇರಿದವನಿಗೂ ಒಂದೇ ಕೆಂಪು ಗುರುತು ಹಾಕುವುದು ಅನ್ಯಾಯ. ಕೊನೆಗೆ ಕೆಲಸ ಮಾಡಿದ ದಿನ ಯಾವುದು ಎಂದು ಕೇಳುವ ಕಾಲಂ ನಮ್ಮ ಅರ್ಜಿಯಲ್ಲೇ ಇರಲಿಲ್ಲ.

ಮೂರನೆಯ ಉತ್ತರ ನನ್ನನ್ನು ಹೆಚ್ಚು ಕಾಡಿದ್ದು. ತಿಂಗಳ ಲೆಕ್ಕದಲ್ಲಿ 5 ತಿಂಗಳಿದ್ದ ಗ್ಯಾಪ್ ದಿನದ ಲೆಕ್ಕದಲ್ಲಿ 198 ದಿನ, ಆರೂವರೆ ತಿಂಗಳು. ಮಾರ್ಚ್ 4ಕ್ಕೆ ಬಿಟ್ಟವರಿಗೆ ಇಡೀ ಮಾರ್ಚ್ ಸಿಕ್ಕಿತು, ಸೆಪ್ಟೆಂಬರ್ 19ಕ್ಕೆ ಸೇರಿದವರಿಗೆ ಇಡೀ ಸೆಪ್ಟೆಂಬರ್ ಸಿಕ್ಕಿತು. ಆರು ತಿಂಗಳು ಮೀರಿದ ಗ್ಯಾಪಿಗೆ ಮಾತ್ರ ವಿವರಣೆ ಕೇಳುವ ಕಂಪನಿಯಲ್ಲಿ ಇದು ಸದ್ದಿಲ್ಲದೆ ದಾಟಿಹೋಗುತ್ತದೆ. ಶನಿವಾರ ಭಾನುವಾರಕ್ಕೆ ಉತ್ತರ ಕೇಳಿದ ಪದ್ಧತಿಯೇ ಆರೂವರೆ ತಿಂಗಳನ್ನು ಕೇಳದೆ ಬಿಡುತ್ತದೆ. ಅಭ್ಯರ್ಥಿ ಇಲ್ಲಿ ಸುಳ್ಳು ಹೇಳಿರಲಿಲ್ಲ. ತಿಂಗಳು, ವರ್ಷ ಮಾತ್ರ ಬರೆಯಿರಿ ಎಂದದ್ದು ನಾವೇ.

ತಿಂಗಳನ್ನೂ ಬಿಟ್ಟು ವರ್ಷ ಮಾತ್ರ ಬರೆದ ರೆಸ್ಯೂಮ್‌ಗಳ ಪಾಡು ಇನ್ನೂ ಕಷ್ಟ. ‘2017–2018’ ಎಂಬುದು 2017ರ ಡಿಸೆಂಬರ್ 31 ಮತ್ತು 2018ರ ಜನವರಿ 1, ಬರೀ ಎರಡು ದಿನವಿರಬಹುದು. ತುಂಬು 24 ತಿಂಗಳೂ ಇರಬಹುದು. ಅಂಥದ್ದರಿಂದ ಒಟ್ಟು ಅನುಭವ ಲೆಕ್ಕ ಹಾಕಲು ಹೋಗಲೇಬಾರದು, ತಾರೀಖು ಕೇಳಬೇಕು. ‘10.8 ವರ್ಷ’ ಎಂಬ ಬರವಣಿಗೆಯೂ ಹಾಗೆಯೇ. ಬರೆದವರ ಮನಸ್ಸಿನಲ್ಲಿ ಅದು 10 ವರ್ಷ 8 ತಿಂಗಳು, ಕಂಪ್ಯೂಟರಿಗೆ 10 ವರ್ಷ 9 ತಿಂಗಳಿಗಿಂತಲೂ ಹೆಚ್ಚು. ಹತ್ತು ತಿಂಗಳಾದಾಗ ‘10.10’ ಎಂದು ಬರೆದರೆ ಶೀಟು ಅದನ್ನು 10.1 ಮಾಡಿಬಿಡುತ್ತದೆ. ಇನ್ನು 05/08/2016 ಎಂದು ತುಂಬಿದ್ದನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಎಕ್ಸೆಲ್ ಮೇ 8 ಎಂದು ಓದುತ್ತದೆ. ನಮ್ಮ ರೆಸ್ಯೂಮಿನಲ್ಲಿ ಹಾಗಾಗಿದ್ದರೆ 2 ದಿನದ ಬಿಡುವು 91 ದಿನದ ಗ್ಯಾಪ್ ಆಗುತ್ತಿತ್ತು. ಅದೇ ಶೀಟಿನಲ್ಲಿ 16/06/2014ರಂಥ ತಾರೀಖುಗಳು ಮಾತ್ರ ಕೋಶದ ಎಡಕ್ಕೆ ಅಂಟಿಕೊಂಡು ಕೂತಿದ್ದರೆ ಎಚ್ಚರವಾಗಬೇಕು. ಹದಿನಾರನೆಯ ತಿಂಗಳು ಇಲ್ಲದ್ದರಿಂದ ಅಂಥವನ್ನು ಎಕ್ಸೆಲ್ ತಾರೀಖು ಎಂದು ಒಪ್ಪಿಲ್ಲ, ಉಳಿದವನ್ನು ತಿರುಗಾಮುರುಗಾ ಒಪ್ಪಿದೆ.

ಈಗ ಎಲ್ಲರೂ ನಂಬುವ ಸಾಕ್ಷಿ ಪಿಎಫ್ ಪಾಸ್‌ಬುಕ್. 2014ರಲ್ಲಿ ಯುಎಎನ್ ಬಂದ ಮೇಲೆ ಒಬ್ಬ ನೌಕರನ ಹಳೆಯ ಹೊಸ ಖಾತೆಗಳೆಲ್ಲ ಒಂದೇ ಸಂಖ್ಯೆಯ ಕೆಳಗೆ ಬರುವಂತಾದವು. ರೆಸ್ಯೂಮಿನ ತಾರೀಖು ಎಳೆದವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ: ಮಾರ್ಚ್‌ನಲ್ಲಿ ಬಿಟ್ಟ ಕೆಲಸವನ್ನು ಆಗಸ್ಟ್ ತನಕ ಎಳೆದರೆ, ನಡುವಿನ ಐದು ತಿಂಗಳು ಹಣ ಜಮಾ ಆಗಿರುವುದಿಲ್ಲ. ಹಾಗೆ ಎಳೆದವರನ್ನು ನಿರಾಕರಿಸುವುದು ಸರಿ ಎಂದೇ ನನ್ನ ನಿಲುವು. ಆದರೆ ಪಾಸ್‌ಬುಕ್ಕನ್ನು ಓದಲು ಬರಬೇಕು. ಮಾರ್ಚ್ ಸಂಬಳದ ಪಿಎಫ್ ಕಟ್ಟಲು ಏಪ್ರಿಲ್ 15ರವರೆಗೆ ಸಮಯವಿದೆ, ಆದ್ದರಿಂದ ಮಾರ್ಚ್ 2022ರ ಸಂಬಳದ ಮುಂದೆ `Due-Month 042022` ಎಂದಿರುತ್ತದೆ. ಅದನ್ನೇ ಕೆಲಸದ ತಿಂಗಳೆಂದು ಹಿಡಿದರೆ ಪ್ರತಿ ಕೆಲಸವೂ ಒಂದು ತಿಂಗಳು ಮುಂದಕ್ಕೆ ಸರಿಯುತ್ತದೆ. ಸಂಬಳದ ತಿಂಗಳ ಕಾಲಮನ್ನು ನೋಡಬೇಕು. ಅದರಲ್ಲೂ ದಿನ ಇರುವುದಿಲ್ಲ: ಮಾರ್ಚ್‌ನಲ್ಲಿ ನಾಲ್ಕೇ ದಿನ ದುಡಿದಿದ್ದರೂ ಮಾರ್ಚ್‌ನ ಸಾಲು ಇದ್ದೇ ಇರುತ್ತದೆ. ಮೊತ್ತ ಚಿಕ್ಕದಾಗಿದ್ದರೆ ಅದೇ ಸುಳಿವು.

ಬಿಟ್ಟ ತಾರೀಖನ್ನು ಹಳೆಯ ಕಂಪನಿ ದಾಖಲಿಸದೆ ಬಿಟ್ಟಿದ್ದರೆ ಪೋರ್ಟಲ್‌ನಲ್ಲಿ ಆ ಕೆಲಸ ಇನ್ನೂ ನಡೆಯುತ್ತಿರುವಂತೆಯೇ ಕಾಣುತ್ತದೆ, ವರ್ಷಗಟ್ಟಲೆ ಸುಳ್ಳು ಓವರ್‌ಲ್ಯಾಪ್. 2020ರಿಂದ ನೌಕರರೇ ಅದನ್ನು ತುಂಬಬಹುದು, ಕೊನೆಯ ಜಮಾ ಆಗಿ ಎರಡು ತಿಂಗಳು ಕಳೆದ ಮೇಲೆ. ಬಹಳ ಮಂದಿಗೆ ಈ ದಾರಿ ಗೊತ್ತೇ ಇಲ್ಲ.

ಪಾಸ್‌ಬುಕ್‌ನ ಖಾಲಿ ಸಾಲೆಲ್ಲ ಗ್ಯಾಪ್ ಅಲ್ಲ. ಸಂಬಳವಿಲ್ಲದ ರಜೆಯಲ್ಲಿ ಜಮಾ ನಿಲ್ಲುತ್ತದೆ, ಸೇವೆ ನಿಲ್ಲುವುದಿಲ್ಲ. ಹೆರಿಗೆಯಾದ ಮೇಲೆ 26 ವಾರದ ಸಂಬಳದ ರಜೆ ಮುಗಿಸಿ, ಮತ್ತೆ ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿದ್ದ ಹೆಣ್ಣುಮಗಳ ಖಾತೆಯಲ್ಲಿ ಮೂರು ತಿಂಗಳು ಬರಿದಾಗಿರುತ್ತವೆ. ಆಕೆ ರೆಸ್ಯೂಮಿನಲ್ಲಿ ಕೆಲಸ ನಿರಂತರ ಎಂದು ಬರೆದದ್ದು ನಿಜವೇ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಲ್ಲ. ಮೊದಲ ಬಾರಿ ಕೆಲಸಕ್ಕೆ ಸೇರುವಾಗಲೇ ಮೂಲವೇತನ 15,000 ರೂಪಾಯಿ ಮೀರಿದ್ದವರಿಗೆ ಹೊರಗುಳಿಯುವ ಅವಕಾಶವೂ ಇತ್ತು. ಅವರಿಗೆ ಬ್ಯಾಂಕಿನ ಸಂಬಳದ ಸಾಲುಗಳು, ಟಿಡಿಎಸ್ ಕಡಿತ ಮಾಡಿದ ಕಂಪನಿಯ ಹೆಸರು ತೋರಿಸುವ ಫಾರ್ಮ್ 26ಎಎಸ್ ನೋಡಬೇಕು. ಪಿಎಫ್ ಇಲ್ಲ ಎಂದಾಕ್ಷಣ ಕೆಲಸವೇ ಇರಲಿಲ್ಲ ಎಂದು ಬರೆದ ವರದಿಗಳನ್ನು ನಾನು ವಾಪಸು ಕಳಿಸಿದ್ದೇನೆ.

ಆ ಟೆಸ್ಟಿಂಗ್ ಕೆಲಸದವರ ಲೆಕ್ಕವನ್ನು ಕೊನೆಗೆ ಹೀಗೆ ಮುಗಿಸಿದೆವು. ಒಂದಕ್ಕೊಂದು ಹತ್ತಿದ ದಿನಗಳನ್ನು ಒಂದೇ ಸಲ ಎಣಿಸಿದಾಗ ಮೊದಲ ತುಂಡು 2 ವರ್ಷ 1 ತಿಂಗಳು 21 ದಿನ, ಎರಡನೆಯ ಮತ್ತು ಮೂರನೆಯ ಕೆಲಸ ಸೇರಿ 5 ವರ್ಷ 6 ತಿಂಗಳು 25 ದಿನ, ಕೊನೆಯದು 2 ವರ್ಷ 6 ತಿಂಗಳು 13 ದಿನ. ಒಟ್ಟು 10 ವರ್ಷ 3 ತಿಂಗಳಿಗೆ ಹತ್ತಿರ. ಮೊದಲ ಲೆಕ್ಕಕ್ಕಿಂತ ಐದು ತಿಂಗಳು ಕಡಿಮೆ, ಆದರೂ ಅವರು ಬರೆದ ‘10+’ ಸತ್ಯ. 198 ದಿನಗಳ ಬಗ್ಗೆ ಫೋನಿನಲ್ಲಿ ಕೇಳಿದಾಗ, ಅಪ್ಪನಿಗೆ ಪಾರ್ಶ್ವವಾಯು ಆಗಿತ್ತು, ಊರಿನಲ್ಲಿದ್ದೆ ಸರ್ ಎಂದರು. ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿಯನ್ನು ಕೇಳದೆಯೇ ಕಳಿಸಿದರು. ಹಳೆಯ ವರದಿಯ ‘ಹೊಂದುತ್ತಿಲ್ಲ’ ಎಂಬ ಪದವನ್ನು ತೆಗೆಸಿ, ‘26 ದಿನ ಓವರ್‌ಲ್ಯಾಪ್, ನೋಟಿಸ್‌ಗೆ ಹೊಂದಿಸಿದ ರಜೆ; 198 ದಿನ ಬಿಡುವು, ತಂದೆಯ ಅನಾರೋಗ್ಯ; ಅನುಭವ 10 ವರ್ಷ 2 ತಿಂಗಳು ಪೂರ್ಣ’ ಎಂದು ಬರೆಸಲು ನನಗೆ ಎರಡು ದಿನ ಹಿಡಿಯಿತು, ಏಕೆಂದರೆ ಅಷ್ಟನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.