ಮಾರಾಟಗಾರರ ಬಯೋ: ರಸಿಕರಿಗೊಂದು ಕೈಪಿಡಿ

ಸೇಲ್ಸ್‌ನವರ ಬಯೋ ಕಂಡರೆ ಓದದೆ ದಾಟಿಹೋಗುವವರೇ ಹೆಚ್ಚು. ಲಿಂಕ್ಡ್‌ಇನ್‌ನಲ್ಲಿರಲಿ, ಕೊಟೇಶನ್ ಜೊತೆ ಬರುವ ಕಂಪನಿ ಪರಿಚಯದ ಪುಟದಲ್ಲಿರಲಿ, ಅದೇ ಹತ್ತು ಸಾಲು, ಅದೇ ಅಬ್ಬರ. ಆದರೆ ಈ ಹತ್ತು ಸಾಲು ಬರೆಯುವುದು ಸುಲಭದ ಕೆಲಸವಲ್ಲ. ಬರೆಯುವವರ ಕಸುಬೇ ಜನರನ್ನು ಒಪ್ಪಿಸುವುದು, ಅದು ಓದುವವರಿಗೂ ಗೊತ್ತು. ಹಾಗಾಗಿ ಮೊದಲ ಸಾಲಿಗೇ ಓದುಗರು ಬಾಗಿಲು ಅರ್ಧ ಮುಚ್ಚಿಕೊಂಡು ನಿಂತಿರುತ್ತಾರೆ. ‘ನಾನು ಚೆನ್ನಾಗಿ ಮಾರುತ್ತೇನೆ’ ಎಂಬ ಮಾತನ್ನು ಅಂಥವರ ಮುಂದೆ ಮಾರದೆ ಹೇಳಬೇಕು. ಯಾರು ಇದನ್ನು ಸಾಧಿಸಿದ್ದಾರೆ, ಯಾರು ಎಡವಿದ್ದಾರೆ ಎಂದು ಗುರುತಿಸುವ ಕಣ್ಣು ಬಂದರೆ ಈ ಓದಿಗೂ ಒಂದು ರುಚಿ ಹತ್ತುತ್ತದೆ.

ಕಣ್ಣು ಮೊದಲು ಬೀಳುವುದು ಅಂಕಿಯ ಮೇಲೆ. ‘ಟಾರ್ಗೆಟ್‌ನ 140 ಪರ್ಸೆಂಟ್ ಅಚೀವ್‌ಮೆಂಟ್’ ಎಂಬ ಸಾಲಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಜಾನ್ ಪ್ಯಾಟರ್ಸನ್ ನಡೆಸುತ್ತಿದ್ದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ತನ್ನ ಮಾರಾಟಗಾರರಿಗೆ ಇಂತಿಷ್ಟು ಪ್ರದೇಶ, ಇಂತಿಷ್ಟು ಕೋಟಾ ಎಂದು ಹಂಚಿಕೊಟ್ಟಿತು. ಕೋಟಾ ಮುಟ್ಟಿದವರಿಗಾಗಿ ಹಂಡ್ರೆಡ್ ಪಾಯಿಂಟ್ ಕ್ಲಬ್ ಎಂಬ ಕೂಟವಿತ್ತು. ಅಲ್ಲಿ ಪಳಗಿದ ಥಾಮಸ್ ವಾಟ್ಸನ್ 1914ರಲ್ಲಿ ಇನ್ನೊಂದು ಕಂಪನಿಗೆ ಬಂದರು. 1924ರಲ್ಲಿ ಆ ಕಂಪನಿಯ ಹೆಸರು ಐಬಿಎಂ ಎಂದಾಯಿತು. ಅಲ್ಲಿನದು ಹಂಡ್ರೆಡ್ ಪರ್ಸೆಂಟ್ ಕ್ಲಬ್. ನೂರನ್ನು ಮುಟ್ಟಿದರೋ ಇಲ್ಲವೋ ಎಂಬುದರಲ್ಲೇ ಮಾರಾಟಗಾರರ ಮಾನ ಅಳೆಯುವ ಪದ್ಧತಿ ಹೀಗೆ ಬೇರೂರಿತು. ಇಂದು ಹುಬ್ಬಳ್ಳಿಯ ಏರಿಯಾ ಮ್ಯಾನೇಜರ್ ತಮ್ಮ ಬಯೋದಲ್ಲಿ ಬರೆಯುವ ಪರ್ಸೆಂಟೇಜ್ ಈ ವಂಶದ್ದೇ.

ತೊಂದರೆಯೆಂದರೆ, ಆ ಪರ್ಸೆಂಟೇಜ್ ಒಂಟಿಯಾಗಿ ನಿಂತರೆ ಏನನ್ನೂ ಹೇಳುವುದಿಲ್ಲ. ಒಬ್ಬರಿಗೆ ಒಂದು ಕೋಟಿ ಟಾರ್ಗೆಟ್ ಇತ್ತು, 1.4 ಕೋಟಿ ಮಾರಿದರು, 140 ಆಯಿತು. ಇನ್ನೊಬ್ಬರಿಗೆ ಐದು ಕೋಟಿ ಇತ್ತು, 4.9 ಕೋಟಿ ಮಾರಿದರು, 98ಕ್ಕೆ ನಿಂತರು. ಕ್ಲಬ್ಬಿಗೆ ಹೋಗುವವರು ಮೊದಲಿನವರು. ಕಂಪನಿಯ ಸಂಬಳ ಹುಟ್ಟಿಸಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಒಳ್ಳೆಯ ಬಯೋ ಅಂಕಿಯ ಜೊತೆಗೆ ಅದು ಯಾವ ಆರ್ಥಿಕ ವರ್ಷದ್ದು, ಯಾವ ಪ್ರದೇಶದ್ದು, ಹಳೆಯ ಪಾರ್ಟಿಗಳದ್ದೋ ಹೊಸಬರದ್ದೋ ಎಂಬುದನ್ನೂ ಕೊಡುತ್ತದೆ. ಒಂದೇ ವರ್ಷದ ಮಿಂಚಿಗಿಂತ ಮೂರ್ನಾಲ್ಕು ವರ್ಷದ ಸಾಲು ಹೆಚ್ಚು ಮಾತಾಡುತ್ತದೆ.

ಆ ಸಾಲನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಈ ವರ್ಷ ಎಷ್ಟು ಮಾರಿದಿರೋ ಅದರ ಮೇಲೆ ಒಂದಿಷ್ಟು ಸೇರಿಸಿ ಮುಂದಿನ ವರ್ಷದ ಟಾರ್ಗೆಟ್ ಕೊಡುವುದು ಎಲ್ಲೆಡೆ ಇರುವ ರೂಢಿ. ಇದು ಗೊತ್ತಿರುವ ಜಾಣರು, ಟಾರ್ಗೆಟ್ ಮುಟ್ಟಿದ ಮೇಲೆ ಮಾರ್ಚ್‌ನಲ್ಲಿ ಬಂದ ಆರ್ಡರನ್ನು ಏಪ್ರಿಲ್‌ಗೆ ತಳ್ಳಿಬಿಡುತ್ತಾರೆ. ಪ್ರತಿ ವರ್ಷವೂ 101, 102, 101 ಎಂದು ಅಚ್ಚುಕಟ್ಟಾಗಿ ಬಂದಿದ್ದರೆ ನನಗೆ ಸ್ವಲ್ಪ ನಗು ಬರುತ್ತದೆ. ಇದಕ್ಕೆ ಉಲ್ಟಾ ಇನ್ನೊಂದು ಚಾಳಿಯಿದೆ. ಮಾರ್ಚ್ ಕೊನೆಯ ವಾರ ಡೀಲರ್ ಗೋಡೌನಿಗೆ ಮಾಲು ತುರುಕಿ ಬಿಲ್ ಮಾಡುವುದು, ಮೇ ಹೊತ್ತಿಗೆ ಅದು ವಾಪಸ್ ಬಂದು ಕ್ರೆಡಿಟ್ ನೋಟ್ ಆಗುವುದು. ಬಿಲ್ಲಿಂಗ್ ಲೆಕ್ಕದಲ್ಲಿ ಅವರು ವೀರರು. ಡೀಲರ್ ಮಾತ್ರ ಫೋನ್ ಎತ್ತುವುದಿಲ್ಲ. ಹಾಗಾಗಿ ಬಯೋದಲ್ಲಿ ಮಾರಾಟದ ಪಕ್ಕದಲ್ಲೇ ಕಲೆಕ್ಷನ್ ಬಗ್ಗೆ ಒಂದು ಸಾಲು ಕಂಡರೆ ಗಮನಿಸಿ. ‘ಬಾಕಿ 60 ದಿನ ದಾಟದಂತೆ ನೋಡಿಕೊಂಡಿದ್ದೇನೆ’ ಎಂಬುದು ಗದ್ದಲವಿಲ್ಲದ ಮಾತು, ಆದರೆ ಕಸುಬು ಬಲ್ಲವರು ಅಲ್ಲಿ ತಲೆದೂಗುತ್ತಾರೆ. ಮಾರಿದ್ದು ನಿಜವಾಗಿ ಮಾರಾಟವಾಗಿದೆ, ಕೊಂಡವರು ದುಡ್ಡು ಕೊಟ್ಟಿದ್ದಾರೆ ಎಂಬುದು ಅದರಲ್ಲೇ ಇದೆ.

ಇನ್ನು ಗ್ರಾಹಕರ ಸಂಬಂಧ. ‘ಗ್ರಾಹಕರೊಂದಿಗೆ ಅತ್ಯುತ್ತಮ ಬಾಂಧವ್ಯ’ ಎಂದು ಬರೆಯದವರನ್ನು ಹುಡುಕಬೇಕು. ಬಾಂಧವ್ಯ ಎಂಬುದು ಹೇಳಿದರೆ ಕಾಣುವಂಥದ್ದಲ್ಲ, ಮಾಡಿದ ಕೆಲಸದಲ್ಲಿ ಕಾಣಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಳಗಾವಿ ಫೌಂಡ್ರಿಗಳ ಊರು. ಅಲ್ಲಿ ಎರಕ ಹೊಯ್ದ ಭಾಗಗಳನ್ನು ಕೊರೆದು ಅಳತೆಗೆ ತರುವ ಮಶಿನ್ ಶಾಪ್‌ಗಳೂ ಬೇಕಾದಷ್ಟಿವೆ. ಅವರಿಗೆ ಕಾರ್ಬೈಡ್ ಇನ್ಸರ್ಟ್ ಮಾರುವ ಒಬ್ಬ ಸೇಲ್ಸ್ ಇಂಜಿನಿಯರ್ ಇದ್ದಾರೆ ಎಂದುಕೊಳ್ಳಿ. ಇನ್ಸರ್ಟ್ ಎಂದರೆ ಲೇತ್‌ನಲ್ಲಿ ಲೋಹ ಕೆರೆಯುವ, ಬೆರಳ ತುದಿಯಷ್ಟಿರುವ ಗಟ್ಟಿ ಬಿಲ್ಲೆ. ಇಲ್ಲಿನದಕ್ಕೆ ಎರಡೂ ಬದಿ ಸೇರಿ ನಾಲ್ಕು ಅಲಗು. ಒಂದು ಸವೆದರೆ ತಿರುಗಿಸಿ ಹಾಕುತ್ತಾರೆ.

ಶಾಪ್‌ನವರು ಈಗ ಬಳಸುತ್ತಿರುವ ಇನ್ಸರ್ಟ್‌ಗೆ 280 ರೂಪಾಯಿ. ಅಲಗಿಗೆ 70 ರೂಪಾಯಿ ಬಿತ್ತು. ಒಂದು ಅಲಗಿನಲ್ಲಿ 70 ಪೀಸ್ ಬರುತ್ತದೆ, ಅಂದರೆ ಪೀಸಿಗೆ ಒಂದು ರೂಪಾಯಿ. ನಮ್ಮ ಇಂಜಿನಿಯರ್ ತಂದಿರುವುದಕ್ಕೆ 360. ಅಲಗಿಗೆ 90 ರೂಪಾಯಿ, ಆದರೆ 120 ಪೀಸ್ ಬರುತ್ತದೆ, ಪೀಸಿಗೆ 75 ಪೈಸೆ. ತಿಂಗಳಿಗೆ 40,000 ಪೀಸ್ ಮಾಡುವವರಿಗೆ ಹತ್ತು ಸಾವಿರ ರೂಪಾಯಿ ಉಳಿತಾಯ. ‘ರೇಟ್ ಜಾಸ್ತಿ’ ಎಂದು ಮುಖ ತಿರುಗಿಸುವ ಪರ್ಚೇಸ್‌ನವರಿಗೆ ಈ ಲೆಕ್ಕ ತೋರಿಸುವುದು ಎಲ್ಲ ಮಾರಾಟಗಾರರೂ ಮಾಡುವ ಕೆಲಸ. ಅಲಗು ಎಷ್ಟು ಪೀಸ್ ತಾಳುತ್ತದೆ ಎಂಬುದು ಕ್ಯಾಸ್ಟಿಂಗ್ ಮೇಲೆ ನಿಂತಿದೆ ಎಂಬುದು ಮಾತ್ರ ಒಳಗಿನವರಿಗೆ ಗೊತ್ತಿರುವ ಸಂಗತಿ. ಎರಕದಲ್ಲಿ ಮರಳಿನ ಕಣ ಉಳಿದಿದ್ದರೆ, ಅಂಚು ಬೇಗ ತಣ್ಣಗಾಗಿ ಗಟ್ಟಿಯಾಗಿದ್ದರೆ, 120 ಬರಬೇಕಾದ ಅಲಗು 40ಕ್ಕೇ ಚೂರಾಗುತ್ತದೆ. ಒಳ್ಳೆಯ ಲಾಟ್ ಆರಿಸಿ ಟ್ರಯಲ್ ತೋರಿಸಿ ಆರ್ಡರ್ ಹೊಡೆಯಬಹುದು. ಆದರೆ ಮೂರನೇ ತಿಂಗಳು ಗೇಟಿನಲ್ಲೇ ನಿಲ್ಲಿಸುತ್ತಾರೆ. ಬೇರೆ ಬೇರೆ ಹೀಟ್‌ನ, ಅಂದರೆ ಬೇರೆ ಬೇರೆ ಬಾರಿ ಕರಗಿಸಿ ಹೊಯ್ದ ಕ್ಯಾಸ್ಟಿಂಗ್ ಮೇಲೆ ಟ್ರಯಲ್ ನಡೆಸಿ, ಬಂದ ಅತಿ ಕಡಿಮೆ ಅಂಕಿಯನ್ನೇ ಹೇಳುವವರೂ ಇದ್ದಾರೆ. ಅಂಥವರು ಬಯೋದಲ್ಲಿ ‘ಬಾಂಧವ್ಯ’ ಎಂದು ಬರೆಯಬೇಕಾಗಿಯೇ ಇಲ್ಲ.

ಈ ಇಂಜಿನಿಯರ್ ಸಾಮಾನ್ಯವಾಗಿ ಬರೆಯುವ ಬಯೋ ಹೀಗಿರುತ್ತದೆ: ‘ಫಲಿತಾಂಶವೇ ನನ್ನ ಉಸಿರು. ಪ್ರತಿ ವರ್ಷ ಟಾರ್ಗೆಟ್ ಮೀರಿ ದಾಖಲೆಯ ಮಾರಾಟ ಸಾಧಿಸಿರುವ ನಾನು ನೂರಾರು ಗ್ರಾಹಕರ ನೆಚ್ಚಿನ ಪಾಲುದಾರ. ನಿಮ್ಮ ಉತ್ಪಾದನಾ ವೆಚ್ಚ ಇಳಿಸಲು ಇಂದೇ ಸಂಪರ್ಕಿಸಿ.’ ಇದರಲ್ಲಿ ಸುಳ್ಳು ಇಲ್ಲದೆಯೂ ಇರಬಹುದು. ಆದರೆ ಇನ್ಸರ್ಟ್ ಮಾರುವವರೂ ಬರೆಯಬಹುದು, ಇನ್ಶೂರೆನ್ಸ್ ಮಾರುವವರೂ ಬರೆಯಬಹುದು.

ಅದೇ ಮನುಷ್ಯ ಹೀಗೂ ಬರೆಯಬಹುದು: ‘ಬೆಳಗಾವಿ, ಹುಬ್ಬಳ್ಳಿ ಭಾಗದ ಮಶಿನ್ ಶಾಪ್‌ಗಳಿಗೆ ಎಂಟು ವರ್ಷದಿಂದ ಕಾರ್ಬೈಡ್ ಟೂಲ್ ಮಾರುತ್ತಿದ್ದೇನೆ. 2021-22ರಿಂದ ನಾಲ್ಕು ವರ್ಷದ ಟಾರ್ಗೆಟ್‌ನಲ್ಲಿ 108, 112, 91, 104 ಪರ್ಸೆಂಟ್ ಆಗಿದೆ. 91 ಆದ ವರ್ಷ ಒಬ್ಬ ದೊಡ್ಡ ಗ್ರಾಹಕರ ರಫ್ತು ಆರ್ಡರ್ ನಿಂತಿತ್ತು. ಅವರು ಈಗ ಮತ್ತೆ ಖರೀದಿಸುತ್ತಿದ್ದಾರೆ. ಮೊದಲ ವರ್ಷ ನನ್ನಿಂದ ಕೊಂಡ ಹನ್ನೆರಡು ಶಾಪ್‌ಗಳಲ್ಲಿ ಒಂಬತ್ತು ಇಂದಿಗೂ ಕೊಳ್ಳುತ್ತಿವೆ. ಕನಿಷ್ಠ ಮೂರು ಹೀಟ್‌ನ ಕ್ಯಾಸ್ಟಿಂಗ್ ಮೇಲೆ ಟ್ರಯಲ್ ಮಾಡಿದ ನಂತರವೇ ರೇಟ್ ಕೊಡುತ್ತೇನೆ. ಹಳೆಯ ಟೂಲೇ ಅಗ್ಗ ಬೀಳುತ್ತದೆ ಎಂದು ಕಂಡರೆ ಹಾಗೆಯೇ ಹೇಳುತ್ತೇನೆ. ಟ್ರಯಲ್‌ಗಳನ್ನು ನಮ್ಮ ಅಪ್ಲಿಕೇಶನ್ ಇಂಜಿನಿಯರ್ ಜೊತೆ ಸೇರಿ ನಡೆಸುತ್ತೇನೆ.’

ಇದನ್ನು ನಿಧಾನವಾಗಿ ಓದಿ. ಎಲ್ಲೂ ‘ನೀವು’ ಇಲ್ಲ. ಓದುವವರ ಕೈ ಹಿಡಿದು ಎಳೆಯುವ ಒಂದು ಕ್ರಿಯಾಪದವೂ ಇಲ್ಲ. 91 ಎಂಬ ಅಂಕಿ ಉಳಿದ ಮೂರನ್ನೂ ನಂಬುವಂತೆ ಮಾಡುತ್ತದೆ, ಏಕೆಂದರೆ ಕಸುಬಿನವರಿಗೆ ಎಲ್ಲ ವರ್ಷವೂ ಸುಗ್ಗಿಯಲ್ಲ ಎಂದು ಗೊತ್ತು. ಆದರೆ ಅದಕ್ಕೆ ಒಂದೇ ವಾಕ್ಯದ ಕಾರಣ ಸಾಕು. ಮೂರು ವಾಕ್ಯವಾದರೆ ಅದು ಮೇಲಧಿಕಾರಿಗೆ ಬರೆದ ಸಮಜಾಯಿಷಿಯಾಗುತ್ತದೆ. ‘ಹನ್ನೆರಡರಲ್ಲಿ ಒಂಬತ್ತು’ ಎನ್ನುವಾಗ ಕಳೆದುಹೋದ ಮೂವರೂ ಲೆಕ್ಕದಲ್ಲಿದ್ದಾರೆ. ಈ ಸಾಲಿನಲ್ಲಿ ಕ್ರಿಯೆ ಮಾಡುವವರು ಗ್ರಾಹಕರು, ಅವರು ಕೊಳ್ಳುತ್ತಿದ್ದಾರೆ. ಸಂಬಂಧ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಕೊನೆಯ ವಾಕ್ಯದ ಬಗ್ಗೆ ನನಗೆ ವಿಶೇಷ ಪ್ರೀತಿ. ಮಾರಾಟದಲ್ಲಿ ಒಂಟಿಯಾಗಿ ಗೆಲ್ಲುವವರು ಕಡಿಮೆ, ಹಾಗೆಂದು ಒಪ್ಪಿಕೊಳ್ಳುವವರು ಇನ್ನೂ ಕಡಿಮೆ.

ಆ ಬಯೋದಲ್ಲಿ ಇಲ್ಲದಿರುವುದನ್ನೂ ನೋಡಬೇಕು. ಗ್ರಾಹಕರ ಹೆಸರಿಲ್ಲ, ಕೋಟಿಗಳ ಲೆಕ್ಕವಿಲ್ಲ. ದೊಡ್ಡ ಕಂಪನಿಗಳ ಹೆಸರು ಪೋಣಿಸಿದರೆ ಭಾರ ಬರುತ್ತದೆ ಎಂಬ ಆಸೆ ಸಹಜ. ಆದರೆ ಯಾರು ಯಾರಿಂದ ಎಷ್ಟು ಕೊಳ್ಳುತ್ತಾರೆ ಎಂಬುದು ಆ ಗ್ರಾಹಕರ ವ್ಯವಹಾರದ ಗುಟ್ಟು, ಎಷ್ಟೋ ಒಪ್ಪಂದಗಳಲ್ಲಿ ಅದನ್ನು ಹೊರಗೆ ಹೇಳಕೂಡದೆಂಬ ಷರತ್ತೂ ಇರುತ್ತದೆ. ಮುಂದೆ ಗ್ರಾಹಕರಾಗಬಹುದಾದವರು ಓದುವಾಗ ಯೋಚಿಸುವುದು ಒಂದೇ: ಇವರು ನಾಳೆ ನಮ್ಮ ಹೆಸರನ್ನೂ ಹೀಗೇ ಹಾಕುತ್ತಾರೆ. ಹೆಸರು ಹಾಕಲೇಬೇಕಿದ್ದರೆ ಅವರಿಂದ ಬರಹದಲ್ಲೇ ಒಪ್ಪಿಗೆ ಪಡೆದು ಹಾಕುವುದು ಮರ್ಯಾದೆ. ಟಾರ್ಗೆಟ್‌ನ ರೂಪಾಯಿ ಮೊತ್ತ ಕಂಪನಿಯ ಸ್ವತ್ತು, ಪರ್ಸೆಂಟೇಜ್ ಹೇಳಿದರೆ ಸಾಕಾಗುತ್ತದೆ. ಪ್ರದೇಶದ ಗಾತ್ರ ತಿಳಿಸಬೇಕೆನಿಸಿದರೆ ಶಾಪ್‌ಗಳ ಸಂಖ್ಯೆ ಕೊಡಬಹುದು.

ಅಬ್ಬರದ ಬಯೋಗಳನ್ನು ಬೈದಾಯಿತು, ನಮ್ಮ ಕಡೆಯ ಸಂಕೋಚವನ್ನೂ ಬಿಡುವಂತಿಲ್ಲ. ‘ಹಿರಿಯರ ಮಾರ್ಗದರ್ಶನ, ತಂಡದ ಸಹಕಾರದಿಂದ ಅಲ್ಪಸ್ವಲ್ಪ ಸೇವೆ ಸಲ್ಲಿಸುತ್ತಿದ್ದೇನೆ’ ಎಂದು ಬರೆದು ಕೈಮುಗಿಯುವವರಿದ್ದಾರೆ. ಅದು ವಿನಯವೇ ಸರಿ, ಆದರೆ ಇಪ್ಪತ್ತು ಬಯೋ ಮುಂದಿಟ್ಟುಕೊಂಡು ಕೂತ ಎಚ್‌ಆರ್‌ನವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅಂಕಿ ಹೇಳುವುದು ಜಂಬವಲ್ಲ. ಅಂಕಿಗೆ ವಿಶೇಷಣ ಅಂಟಿಸುವುದು ಜಂಬ. ‘112 ಪರ್ಸೆಂಟ್’ ಎನ್ನಿ. ‘ಅಭೂತಪೂರ್ವ 112’ ಎನ್ನಬೇಡಿ.

ನಿಮ್ಮದೇ ಬಯೋ ತಿದ್ದಲು ಹೊರಟಿದ್ದರೆ ಒಂದು ಮಾತು. ಲಿಂಕ್ಡ್‌ಇನ್ ಪರಿಚಯಕ್ಕೆ 2,600 ಅಕ್ಷರಗಳ ಜಾಗ ಕೊಡುತ್ತದೆ, ಪುಟ ತೆರೆದವರಿಗೆ ಕಾಣುವುದು ಮೊದಲ ಮೂರ್ನಾಲ್ಕು ಸಾಲು ಮಾತ್ರ. ಏನು ಮಾರುತ್ತೀರಿ, ಯಾರಿಗೆ, ಎಲ್ಲಿ, ಎಷ್ಟು ವರ್ಷದಿಂದ ಎಂಬುದು ಅಷ್ಟರಲ್ಲಿ ಬರಲಿ. ಅಂಕಿ ಎರಡನೆಯದಾಗಿ ಬರಲಿ. ಉಳಿದ ಜಾಗವನ್ನು ಖಾಲಿ ಬಿಡಿ, ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಆಡಿಟ್ ಆದ ಅಂಕಿ ಕೈಗೆ ಬಂದ ಮೇಲೆ ಒಮ್ಮೆ ತೆರೆದು, ಹಳೆಯ ಸಾಲನ್ನು ಹೊಸತು ಮಾಡಿ. ಮೂರು ವರ್ಷ ಹಿಂದಿನ 112ಕ್ಕೇ ನಿಂತುಹೋದ ಬಯೋ ನೋಡಿದವರು ಆಮೇಲೆ ಏನಾಯಿತು ಎಂದು ಕೇಳಿಯೇ ಕೇಳುತ್ತಾರೆ.