1.33 ಎಂಬ ದೊಡ್ಡ ಹೆಸರು

ಮಳವಳ್ಳಿ ಕಡೆಯ ಆಲೆಮನೆಯವನು ಸಾಲ ಕೇಳಲು ಹೋದರೆ ಬ್ಯಾಂಕಿನವರ ಕಣ್ಣು ಮೊದಲು ಬೀಳುವುದು ಚಾಲ್ತಿ ಅನುಪಾತದ ಮೇಲೆ. ವರ್ಷದೊಳಗೆ ದುಡ್ಡಾಗುವ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಬಾಕಿಯಿಂದ ಭಾಗಿಸಿ, ಉತ್ತರ 1.33 ಬಂದರೆ ಘಟಕ ಗಟ್ಟಿ ಎನ್ನುತ್ತಾರೆ. ಇಷ್ಟು ಮರ್ಯಾದೆಗೆ ಆ ಸಂಖ್ಯೆ ಯೋಗ್ಯವಲ್ಲ.

ಅದು 1975ರ ಟಂಡನ್ ಸಮಿತಿಯ ಕೊಡುಗೆ. ಚಾಲ್ತಿ ಆಸ್ತಿಯ ಕಾಲುಭಾಗಕ್ಕೆ ಮಾಲೀಕನೇ ದೀರ್ಘಾವಧಿ ಹಣ ಹಾಕಲಿ ಎಂದಿತು ಸಮಿತಿ. 100ನ್ನು 75ರಿಂದ ಭಾಗಿಸಿದರೆ 1.33. ಸಣ್ಣ ಘಟಕಗಳಿಗೆ ನಾಯಕ್ ಸಮಿತಿ 1992ರಲ್ಲಿ ಬೇರೆ ದಾರಿ ಹೇಳಿತು. ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ, ಅದರಲ್ಲಿ 20 ಬ್ಯಾಂಕಿನದು, 5 ಮಾಲೀಕನದು. ಈ ಲೆಕ್ಕದಲ್ಲಿ ಅನುಪಾತ 1.25 ದಾಟಬೇಕಿಲ್ಲ. ಒಂದು ಸೂತ್ರದಂತೆ ಸಾಲ ಅಳೆದು, ಇನ್ನೊಂದು ಸೂತ್ರದಂತೆ ಆರೋಗ್ಯ ಅಳೆಯುವುದು ಎಂಥ ನ್ಯಾಯ?

ಸಂಖ್ಯೆಯನ್ನೇ ಬಿಚ್ಚಿ ನೋಡೋಣ. ಒಂದು ಆಲೆಮನೆಯ ಮಾರ್ಚ್ 31ರ ಲೆಕ್ಕ ಹೀಗಿದೆ ಎಂದುಕೊಳ್ಳಿ: ಬೆಲ್ಲದ ದಾಸ್ತಾನು 7 ಲಕ್ಷ, ಮಂಡಿಯಿಂದ ಬರಬೇಕಾದ್ದು 4, ನಗದು 1, ಒಟ್ಟು 12 ಲಕ್ಷ. ಸಿ.ಸಿ. ಸಾಲ 6, ಕಬ್ಬಿನ ಬಾಕಿ 3, ಒಟ್ಟು 9. ಅನುಪಾತ ಸರಿಯಾಗಿ 1.33. ಮಾರ್ಚ್ 30ರಂದು ಮಾಲೀಕ 3 ಲಕ್ಷದ ಬೆಲ್ಲವನ್ನು ಅಸಲಿಗೇ ಮಾರಿ ಸಿ.ಸಿ.ಗೆ ಕಟ್ಟಿದ್ದರೆ 9ಕ್ಕೆ 6, ಅಂದರೆ 1.5. ಏಪ್ರಿಲ್ ಮೊದಲ ವಾರ ಅದೇ ದುಡ್ಡು ತೆಗೆದು ಕಬ್ಬು ತಂದರೆ ಮತ್ತೆ 1.33. ಒಂದು ರೂಪಾಯಿ ಲಾಭವಾಗಿಲ್ಲ, ಆದರೂ ಅಢಾವೆ ಪತ್ರಿಕೆಯ ದಿನ ಘಟಕ ಹೆಚ್ಚು ಗಟ್ಟಿಯಾಗಿ ಕಂಡಿತು! ಅನುಪಾತ ಒಂದಕ್ಕಿಂತ ಮೇಲಿರುವಾಗ ಎರಡೂ ಕಡೆಯಿಂದ ಒಂದೇ ಮೊತ್ತ ಕಳೆದರೆ ಅದು ಏರಲೇಬೇಕು.

ದಾಸ್ತಾನು ಬಿಟ್ಟು ಲೆಕ್ಕ ಹಾಕಿದರೆ ಉಳಿಯುವುದು 5ಕ್ಕೆ 9, ಸುಮಾರು 0.56. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದು ಕಪ್ಪಾಗಿ ದರ ಬೀಳುತ್ತದೆ, ಆದ್ದರಿಂದ ನನಗೆ ಈ ಸಂಖ್ಯೆಯೇ ಹೆಚ್ಚು ನಂಬಿಕಸ್ತ. ಮಂಡಿಯ 4 ಲಕ್ಷದಲ್ಲಿ 2 ಲಕ್ಷ ಆರು ತಿಂಗಳು ದಾಟಿದ್ದಾದರೆ ಇದೂ ಸುಳ್ಳೇ.

ಸಣ್ಣವರಿಗೆ ಅನುಪಾತವೇ ಬೇಡ, ಮನುಷ್ಯನ ಮುಖ ನೋಡಿ ಸಾಲ ಕೊಡಿ ಎನ್ನುವ ವಿಮರ್ಶಕರೂ ಇದ್ದಾರೆ. ಇವರ ಮೇಲೆ ನನ್ನ ಸಿಟ್ಟು ಬ್ಯಾಂಕಿನವರ ಮೇಲಿದ್ದುದಕ್ಕಿಂತ ಹೆಚ್ಚು. ಮುಖ ನೋಡುವವರು ನೋಡುವುದು ಪರಿಚಯದ ಮುಖವನ್ನೇ, ಹೊಸಬನನ್ನಲ್ಲ. ಅನುಪಾತ ತಪ್ಪಾದರೆ ಕಾಗದದ ಮೇಲೆ ಜಗಳವಾಡಬಹುದು, ಮುಖದ ಜೊತೆ ಆಗದು. ಲಾಭದ ಅನುಪಾತವನ್ನೇ ತಗೊಳ್ಳಿ: 60 ಲಕ್ಷದ ಮಾರಾಟಕ್ಕೆ 3 ಲಕ್ಷ ಲಾಭ, ಶೇ. 5. ಕೊಪ್ಪರಿಗೆ ಮುಂದೆ ದುಡಿಯುವ ಮಗನಿಗೆ ತಿಂಗಳಿಗೆ 20,000 ಕೂಲಿ ಕಟ್ಟಿ ನೋಡಿ. 2.4 ಲಕ್ಷ ಹೋಗಿ ಉಳಿಯುವುದು ಶೇ. 1. ಮುಖ ನೋಡುವವರಿಗೆ ಇದು ಕಂಡೀತೇ? ಮನೆಯವರ ಕೈಸಾಲವನ್ನು ಬಂಡವಾಳವೆಂದು ಬರೆದರೆ ಋಣ-ಬಂಡವಾಳ ಅನುಪಾತವೂ ಹೀಗೇ ಚೆಂದ ಕಾಣುತ್ತದೆ.

ಹಾಗಾಗಿ ಮಾರ್ಚ್ ಕೊನೆಯ ಒಂದು ಹಾಳೆಗೆ ತೃಪ್ತರಾಗದೆ, ಜುಲೈ ಕೊನೆಯ ದಾಸ್ತಾನು ಪಟ್ಟಿ, ಮಂಡಿ ಬಾಕಿ ಎಷ್ಟು ದಿನ ಹಳೆಯದೆಂಬ ವಿವರ, ಸಿ.ಸಿ. ಖಾತೆಯ ಏಪ್ರಿಲ್ ಮೊದಲ ಹತ್ತು ದಿನದ ಪುಟ ಕೇಳಬೇಕು.