ವೇದಿಕೆಯ ಮಾತನ್ನು ಕಣ್ಣಿನಿಂದ ಕೇಳುವುದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ತೊಂಡೇಬಾವಿಯಂಥ ಊರುಗಳಲ್ಲಿ ಪ್ರತಿಭಾ ಪುರಸ್ಕಾರದ ಕಾಲ. ಶಾಲು, ಹಾರ, ನೆನಪಿನ ಕಾಣಿಕೆ ಮುಗಿದು ಮುಖ್ಯ ಅತಿಥಿ ಮೈಕಿನ ಮುಂದೆ ನಿಲ್ಲುತ್ತಾರೆ. ಮುಂದೆ ಗುರಿ, ಹಿಂದೆ ಗುರು; ಸೋಲೇ ಗೆಲುವಿನ ಮೆಟ್ಟಿಲು; ಇಂದಿನ ಮಕ್ಕಳೇ ನಾಳಿನ ಪ್ರಜೆಗಳು. ಚಪ್ಪಾಳೆ ಬೀಳುತ್ತದೆ. ಮನೆಗೆ ಹೋದ ಮಗುವನ್ನು ‘ಏನು ಹೇಳಿದರು?’ ಎಂದು ಕೇಳಿದರೆ ‘ಚೆನ್ನಾಗಿ ಓದಬೇಕು ಅಂದರು’ ಎಂಬಷ್ಟೇ ಉತ್ತರ.

ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ, ಆದರೆ ಕಣ್ಣಿಗೆ ಕಾಣುವಂಥದ್ದೂ ಏನಿಲ್ಲ. ಹೊಸ ಕೇಳುಗರು ಮೊದಲು ಕಲಿಯಬೇಕಾದ ಪರೀಕ್ಷೆ ಒಂದೇ. ಈ ವಾಕ್ಯವನ್ನು ಬೀದರಿನಲ್ಲೋ ಮಂಗಳೂರಿನಲ್ಲೋ ಒಂದಕ್ಷರ ಬದಲಿಸದೆ ಹೇಳಬಹುದೇ? ಹೇಳಬಹುದಾದರೆ ಅದು ಸಿದ್ಧಮಾತು.

ಗೌರಿಬಿದನೂರು ತಾಲ್ಲೂಕಿನ ವೇದಿಕೆಗಳಿಗೆ ಸಹಜವಾಗಿ ಒದಗುವ ಒಂದು ಹೆಸರನ್ನೇ ತೆಗೆದುಕೊಂಡು ನೋಡಬಹುದು: ಡಾ. ಎಚ್. ನರಸಿಂಹಯ್ಯ. ‘ಕಡುಬಡತನದಲ್ಲಿ ಹುಟ್ಟಿ, ಛಲದಿಂದ ಓದಿ, ಸಾಧನೆಯ ಶಿಖರವೇರಿದ ಮಹನೀಯರು’ ಎಂದರೆ ವಾಕ್ಯ ಮುಗಿಯಿತು, ಮನುಷ್ಯ ಕಾಣಲಿಲ್ಲ. ಅದೇ ಬದುಕನ್ನು ಇನ್ನೊಬ್ಬ ಭಾಷಣಕಾರ ಹೀಗೆ ಹೇಳಬಹುದು: ‘ನಮ್ಮ ತಾಲ್ಲೂಕಿನ ಹೊಸೂರಿನ ಹುಡುಗ. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಬೇಕಿತ್ತು, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ನಡೆದೇ ಹೊರಟ. 80 ಕಿಲೋಮೀಟರಿಗೂ ಹೆಚ್ಚಿನ ದಾರಿ, ಎರಡು ದಿನ ಹಿಡಿಯಿತು. ನೀವು ಇಲ್ಲಿಯ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುವ ಊರು ಅದೇ. 1972ರಲ್ಲಿ ಆ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ.’

ಬಡತನ, ಛಲ, ಸಾಧನೆ ಎಂಬ ಮೂರು ಮಾತೂ ಇಲ್ಲಿ ಬಂದಿಲ್ಲ. ಮೂರನ್ನೂ ಕೇಳುಗ ತಾನೇ ಕಂಡುಕೊಂಡ. ಮಕ್ಕಳಿಗೆ ಗೊತ್ತಿರುವ ರೈಲಿನ ಪಕ್ಕದಲ್ಲಿ ಆ ಎರಡು ದಿನದ ನಡಿಗೆ ಬಂದು ನಿಂತಾಗ ದೂರ ಕಾಲಿಗೆ ತಿಳಿಯುತ್ತದೆ. ಒಳ್ಳೆಯ ಭಾಷಣಕಾರ ಅಲ್ಲಿಗೇ ನಿಲ್ಲಿಸುತ್ತಾನೆ. ‘ಆದ್ದರಿಂದ ನೀವೂ ಛಲ ಬಿಡಬೇಡಿ’ ಎಂದು ಸೇರಿಸಿದರೆ ಚಿತ್ರ ಅಳಿಸಿ ಮತ್ತೆ ಸಿದ್ಧಮಾತೇ ಉಳಿಯುತ್ತದೆ. ಚಿತ್ರವಾದ ಮೇಲೆ ವಿವರಣೆ ಬಂತೇ, ಮೌನ ಬಂತೇ ಎಂಬುದನ್ನು ರಸಿಕರು ಗಮನಿಸಬೇಕು.

ಚಿತ್ರವು ಕೇಳುಗರ ಬದುಕಿನದ್ದೇ ಆದರೆ ವಿವರಣೆ ಬೇಕೇ ಆಗುವುದಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಯ ಮಕ್ಕಳ ಮುಂದೆ ‘ತಾಳ್ಮೆ ಇರಲಿ’ ಎನ್ನುವ ಬದಲು ಹುಳುವಿನ ಜ್ವರದ ಮಾತು ತೆಗೆಯಬಹುದು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಇದ್ದು ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ. ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ, ಹುಳು ಏಳುವವರೆಗೆ ಕಾಯುತ್ತಾರೆ. ಓದು ತಲೆಗೆ ಹತ್ತದೆ ಕೂತ ಮಗುವಿಗೆ ಇದು ತಟ್ಟನೆ ತಾಗುತ್ತದೆ. ಇದನ್ನೇ ಹುಳು ಕಂಡರಿಯದ ಊರಿಗೆ ಒಯ್ದರೆ ಅರ್ಧ ಭಾಷಣ ರೇಷ್ಮೆ ಕೃಷಿಯ ಪಾಠದಲ್ಲೇ ಕಳೆಯುತ್ತದೆ.

ವಿವರವಿದ್ದ ಮಾತ್ರಕ್ಕೆ ಚಿತ್ರ ತಾಜಾ ಎಂದೂ ನಂಬಬಾರದು. ಹದ್ದು ನಲವತ್ತನೇ ವಯಸ್ಸಿನಲ್ಲಿ ಕೊಕ್ಕನ್ನು ಬಂಡೆಗೆ ಕುಟ್ಟಿ ಮುರಿದುಕೊಂಡು ಹೊಸ ಜನ್ಮ ಪಡೆಯುತ್ತದೆ ಎಂಬ ಕತೆಯನ್ನು ಅನೇಕರು ಕೇಳಿರುತ್ತಾರೆ. ಬೆಟ್ಟ, ಬಂಡೆ, ವಯಸ್ಸು ಎಲ್ಲವೂ ಇರುವ ಆ ಕತೆ ನಿಜವಲ್ಲ. ಹದ್ದಿನ ಕೊಕ್ಕು ಸವೆಯುತ್ತಾ ಬೆಳೆಯುತ್ತಲೇ ಇರುತ್ತದೆ. ಅದು ಪೂರ್ತಿ ಮುರಿದರೆ ಹಕ್ಕಿ ಹಸಿವಿನಿಂದ ಸಾಯುತ್ತದೆ. ಎಲ್ಲಿ, ಯಾವಾಗ, ಯಾರು ಕಂಡದ್ದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ವಿವರ ಬರೀ ಅಲಂಕಾರ.

ಇನ್ನು ಆಗಷ್ಟೇ ಹೊಳೆದಂತೆ ಕೇಳಿಸುವ ಗುಣ. ಅದು ತಯಾರಿಯಿಲ್ಲದ ಫಲವೆಂದು ಹೊಸಬರು ತಿಳಿಯುತ್ತಾರೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರೆದು ತಂದ ಪ್ರತಿ ಬಿಟ್ಟು ತಮ್ಮ ಕನಸಿನ ಮಾತು ಶುರುಮಾಡಿದರು. ಆದರೆ ಆ ಕನಸಿನ ಭಾಗವನ್ನು ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಹೇಳಿದ್ದರು. ಮಾತು ಮೊದಲೇ ಪಳಗಿತ್ತು. ಎದುರಿನ ಜನರನ್ನು ನೋಡಿ ಅದನ್ನು ತೆಗೆದ ಗಳಿಗೆ ಮಾತ್ರ ಹೊಸದು. ನಮ್ಮ ಭಾಷಣಕಾರರಲ್ಲೂ ಹುಡುಕಬೇಕಾದ್ದು ಇದನ್ನೇ: ಕಣ್ಣು ಚೀಟಿಯ ಮೇಲಿದೆಯೋ, ಸಭೆಯ ಮೇಲಿದೆಯೋ; ತಂದ ಚಿತ್ರವನ್ನು ಈ ಊರಿನ ರೈಲಿಗೋ ಹೊಲಕ್ಕೋ ಜೋಡಿಸಲು ಬಂತೋ ಇಲ್ಲವೋ.

ಮುಂದಿನ ಸಮಾರಂಭಕ್ಕೆ ಹೋದಾಗ ಕಣ್ಣಿಗೆ ಕಂಡ ಒಂದೇ ಒಂದು ಚಿತ್ರವನ್ನು ಗುರುತು ಹಾಕಿಕೊಳ್ಳಿ. ಅಂಥದ್ದು ಸಿಕ್ಕಿದರೆ ಕಾರ್ಯಕ್ರಮ ಮುಗಿದ ಮೇಲೆ ಭಾಷಣಕಾರರ ಬಳಿ ಹೋಗಿ ಅದು ಯಾವುದೆಂದು ಹೇಳಿ. ‘ಭಾಷಣ ಚೆನ್ನಾಗಿತ್ತು’ ಎನ್ನುವುದಕ್ಕಿಂತ ಅದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.